ಮೂವತ್ಮೂರು ಗುಣ ಮತ್ತು ಒಂದು ಎಮ್ಮೆ

"ನನಗೂ ನಮ್ಮ ಹುಲಿಗೆವ್ವಗೂ ಮೂವತ್ತಾರಕ್ಕ ಮೂವತ್ಮೂರು ಗುಣ ಕೂಡ್ಯಾವ. ಉಳಿದ ಮೂರು ಬ್ರಹ್ಮ ತನ್ನ ಖರ್ಚಿಗೆ ಇಟ್ಕೊಂಡಾನ!"

ಸಾಲೋಟಗಿಯ ಶಂಕರೆಪ್ಪ ಕಟ್ಟೆಯ ಮೇಲೆ ಕೂತು ಹೀಗೆಂದರೆ ಪಕ್ಕದೂರು ಇಂಡಿಯಲ್ಲಿ ನಿಂತ ಬಸ್ಸಿನವರೆಗೂ ಕೇಳುತ್ತಿತ್ತು.

ಇಂಥ ಗಂಡ ಹೆಂಡತಿ ಪರಸ್ಪರ ಮಾತು ಬಿಟ್ಟು ಎಂಟು ವರ್ಷವಾಗಿತ್ತು. ಕಾರಣ ಇಬ್ಬರಿಗೂ ಮರೆತಿತ್ತು. ಮರೆತದ್ದನ್ನು ಮೊದಲು ಒಪ್ಪುವವರು ಯಾರು? ಮೊದಲು ಮಗಳು ಕಸ್ತೂರೆವ್ವ ಇಬ್ಬರ ಮಾತನ್ನೂ ಹೊತ್ತು ತಿರುಗುತ್ತಿದ್ದಳು. ಅವಳು ಬಾಗೇವಾಡಿಯ ಶಾಲೆಗೆ ಶಿಕ್ಷಕಿಯಾಗಿ ಹೋದಮೇಲೆ ಆ ಹೊಣೆ ಎಮ್ಮೆಗೆ ಬಂತು.

"ಎಮ್ಮೀ, ಊಟಕ್ಕ ನೀಡಂತ ಹೇಳು."

"ಎಮ್ಮೀ, ಕೈ ತೊಳ್ಕೊಂಡು ಬರಲಿ ಅನ್ನು."

೧೯೬೨ರಲ್ಲಿ ಕಸ್ತೂರೆವ್ವ ಇಂಗಳೇಶ್ವರದ ಮಾಸ್ತರ ಬಸಂತರಾಯನನ್ನು ಮದುವೆಯಾಗುತ್ತೇನೆಂದಳು. ಶಂಕರೆಪ್ಪ ಜಾತಕ ಕೂಡಿಸಿ ನೋಡಿಸಿದ. ಹದಿನೆಂಟು ಬಾರದಿದ್ದರೆ ಮದುವೆಯ ಮಾತೇ ಇಲ್ಲ, ಬಂದದ್ದು ನಾಲ್ಕೂವರೆ. ಅಷ್ಟು ಗುಣ ಊರಿನ ಯಾವ ಕತ್ತೆಗೂ ಕೂಡುತ್ತಿತ್ತು. ಆಗದೆಂದು ಬರೆದ. ವಾರದಲ್ಲೇ ಉತ್ತರ ಬಂತು. ಹುಲಿಗೆವ್ವನಿಗೆ ಓದು ಬಾರದು. ಆದ್ದರಿಂದ ಶಂಕರೆಪ್ಪ ಕೊಟ್ಟಿಗೆಯಲ್ಲಿ ಕೂತು ಎಮ್ಮೆಗೆ ಗಟ್ಟಿಯಾಗಿ ಓದಿದ. ಹುಲಿಗೆವ್ವ ಗೋಡೆಯಾಚೆ ಸಗಣಿ ಬಳಿಯುತ್ತ ಕಿವಿಗೊಟ್ಟಳು.

"ಅಪ್ಪಾ, ಅವ್ವಾ, ಲೆಕ್ಕ ಖರೆ ಐತಿ. ಇಬ್ಬರದೂ ಅಂತ್ಯ ನಾಡಿ, ಅದಕ್ಕ ಎಂಟೂ ಗುಣ ಹೋದುವು. ನಂದು ಮಘಾ, ಸಿಂಹ ರಾಶಿ. ಅವರದು ಉತ್ತರಾಷಾಢಾ, ಮಕರ. ನನ್ನಿಂದ ಎಣಿಸಿದ್ರ ಆರು, ಅವರಿಂದ ಎಂಟು. ಷಷ್ಠಾಷ್ಟಕ ಅಂತ ರಾಶಿಕೂಟದ ಏಳು ಹೋದುವು. ರವಿಗೂ ಶನಿಗೂ ವೈರ, ಗ್ರಹಮೈತ್ರಿಯ ಐದೂ ಇಲ್ಲ. ನಂದು ರಾಕ್ಷಸ ಗಣ, ಅವರದು ಮನುಷ್ಯ. ಆ ಆರೂ ಇಲ್ಲ. ವರ್ಣದ ಒಂದೂ ಇಲ್ಲ. ತಾರೆ, ಯೋನಿ, ವಶ್ಯ ಕೂಡಿ ಹೆಂಗೋ ನಾಲ್ಕೂವರಿ.

"ಆದ್ರ ಜ್ವಾಳದ ಹಿಟ್ಟಿಗೆ ಕುದಿಯೋ ನೀರು ಬೇಕಿಲ್ಲ, ತಣ್ಣೀರು ಸಾಕಂತ ಅವರು ನನ್ನ ಕೂಡ ವಾದ ಮಾಡಿದ್ರು. ತಾವs ಬಡಿದು ನೋಡಿದ್ರು. ರೊಟ್ಟಿ ಕೃಷ್ಣಾ ದಂಡಿಯ ಎರಿಹೊಲದಂಗ ಬಿರಿತು. ಅದನ್ನೆಲ್ಲಾ ತಾವs ತಿಂದು, 'ನೀವು ಹೇಳಿದ್ದು ಖರೆರಿ, ನಾ ತಪ್ಪಿದೆ' ಅಂದ್ರು. ಗಂಡಸು ತಪ್ಪು ಒಪ್ಕೊಂಡದ್ದು ನಾ ಹುಟ್ಟಿದಮ್ಯಾಲೆ ನೋಡಿದ್ದು ಅದs ಮೊದಲು. ಇದನ್ನ ಯಾವ ಕೂಟದಾಗ ಹಾಕೂದು? ನಿಮಗ ಗ್ರಹಮೈತ್ರಿ ಐದಕ್ಕ ಐದು. ಈ ಪತ್ರ ಈಗ ಯಾರಿಗೆ ಓದಾಕತ್ತೀರಿ?"

ಶಂಕರೆಪ್ಪ ನಿಲ್ಲಿಸಿದ. ಎಮ್ಮೆ ಅವನನ್ನೇ ನೋಡಿತು. ಅವನು ಬಹಳ ಹೊತ್ತು ಕೆಮ್ಮಿದ, ಆಮೇಲೆ ಗೋಡೆಯ ಕಡೆ ತಿರುಗಿದ.

"ಏನಂತಿ, ಹುಲಿಗೆವ್ವಾ?"

ಸಗಣಿಯ ಬುಟ್ಟಿ ಹುಲಿಗೆವ್ವನ ಕೈಜಾರಿ ಬಿತ್ತು. "ಕೊಡೂಣು. ಮೊದಲs ಇಷ್ಟು ಕೇಳಿದ್ರ ಏನಾಗ್ತಿತ್ತ್ರಿ?"

ಮದುವೆಯ ಅಕ್ಕಿಕಾಳು ಬಿದ್ದಮೇಲೆ ಶಂಕರೆಪ್ಪ ದೊಡ್ಡ ಮನಸ್ಸು ಮಾಡಿ ಎಮ್ಮೆಯ ಹಗ್ಗ ತಂದು ಮಗಳ ಕೈಗಿಟ್ಟ.

"ಒಯ್ಯವಾ ತಂಗೀ, ನಾಲ್ಕೂವರಿ ಗುಣದ ಸಂಸಾರ. ಮುಂದ ಬೇಕಾಕ್ಕೈತಿ."

ಕಸ್ತೂರೆವ್ವ ಹಗ್ಗವನ್ನು ತಿರುಗಿ ಅಪ್ಪನ ಕೈಗೇ ಕೊಟ್ಟಳು.

"ಬ್ಯಾಡಪ್ಪಾ, ಇದು ಮೂವತ್ಮೂರು ಗುಣದವರ ಎಮ್ಮಿ. ನಾವು ಜಗಳಾನೂ ಬಾಯಿಲೆ ಆಡ್ತೇವಿ."