ತಂಗಿಗೆ ಹೇಳುವ ಮಾತು

ಗುಡುಗು ಮೇಷ್ಟ್ರು ಎಂದೇ ಹೆಸರಾದ ವಾಲಿಬಾಲ್ ಕೋಚ್‌ಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಫೈನಲ್‌ಗೆ ಮುನ್ನ, "ನಾನು ದಂಡಪಿಂಡ, ಸರ್ವ್ ನೆಟ್‌ಗೇ ಹೋಗುತ್ತೆ" ಎಂದು ನಡುಗುತ್ತಾ ತನ್ನನ್ನೇ ಬೈದುಕೊಳ್ಳುತ್ತಿದ್ದ ಹುಡುಗಿಯ ಎದುರು ಅವರು ಮೆತ್ತಗೆ ಕೂತರು.

"ನಿನ್ನ ತಂಗಿ ಹೀಗೆ ನಡುಗಿದ್ರೆ ದಂಡಪಿಂಡ ಅಂತೀಯೇನಮ್ಮಾ?"

"ಛೆ, ಇಲ್ಲ ಸರ್."

"ಅವಳಿಗೆ ಹೇಳೋದನ್ನೇ ನಿನಗೂ ಹೇಳ್ಕೋ. ಪ್ರಾಕ್ಟೀಸಲ್ಲಿ ಮಾಡ್ತಿದ್ದ ಹಾಗೇ ಚೆಂಡು ಪುಟಿಸು, ಉಸಿರು ನಿಧಾನವಾಗಿ ಪೂರ್ತಿ ಬಿಡು, ಆಮೇಲೆ ಹೊಡಿ."

ಕೊನೆಯ ಪಾಯಿಂಟ್‌ಗೆ ಸರ್ವ್ ಅವಳದೇ. ಚೆಂಡು ಪುಟಿಸಿದಳು, ಉದ್ದಕ್ಕೆ ಉಸಿರು ಬಿಟ್ಟಳು, ತುಟಿ ಅಲುಗಿತು. ಚೆಂಡು ಎದುರಾಳಿಗಳ ನಡುವೆ ಸಿಡಿಲಿನಂತೆ ಬಿತ್ತು; ಕಪ್ ಇವರದಾಯಿತು.

"ಏನಂತ ಹೇಳ್ಕೊಂಡೆ?"

"'ನಾನಿದೀನಿ ಪುಟ್ಟಿ, ಹೊಡಿ' ಅಂದೆ ಸರ್."

ಗುಡುಗು ಮೇಷ್ಟ್ರು ಕಪ್ಪನ್ನು ಮೆತ್ತಗೆ ಅವಳ ಕೈಗೇ ಇಟ್ಟರು.