ದೊಡ್ಡಕ್ಕನ ಮೂರು

ಬೆಳಿಗ್ಗೆ ಹತ್ತೂ ನಲವತ್ತಕ್ಕೆ ದೊಡ್ಡಕ್ಕ ತನ್ನ ಮಂಚದ ಕಾಲುಗಡೆ ತೂಗುಹಾಕಿದ್ದ ನೋವಿನ ಚಾರ್ಟನ್ನು ಮಲಗಿದಲ್ಲಿಂದಲೇ ಓದುತ್ತಿದ್ದಳು. ಅಕ್ಷರ ಕಾಣದಿದ್ದರೂ ತೊಂದರೆಯಿರಲಿಲ್ಲ, ಅವಳಿಗದು ಬಾಯಿಪಾಠ. ಆ ವಾರ್ಡಿಗೆ ಹೊಸದಾಗಿ ಬಂದ ನರ್ಸುಗಳಿಗೆಲ್ಲ ಅದನ್ನು ಕಲಿಸಿದ ಹಿರಿಯ ನರ್ಸ್ ಅವಳೇ. ಪಿತ್ತಕೋಶದ ಆಪರೇಷನ್ನಾಗಿ ಈಗ ಅವಳೇ ರೋಗಿಯಾಗಿ ಅಲ್ಲಿ ಮಲಗಿದ್ದಳು. ಸಣ್ಣ ತೂತು ಮಾಡಿ ದುರ್ಬೀನಿನಲ್ಲಿ ಮುಗಿಯಬೇಕಿದ್ದದ್ದು ಮುಗಿಯದೆ ಪಕ್ಕೆಯ ಕೆಳಗೆ ಉದ್ದಕ್ಕೆ ಕೊಯ್ದು ಹೊಲಿದಿದ್ದರು.

ಹತ್ತರಲ್ಲಿ ನೋವು ಸೊನ್ನೆಯಿಂದ ಮೂರು ಅಂದರೆ ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್ ಸಾಕು. ನಾಲ್ಕರಿಂದ ಆರಕ್ಕೆ ಅದರ ಜೊತೆಗೆ ಇನ್ನೂ ಬಲವಾದ, ಎರಡನೆಯ ಮೆಟ್ಟಿಲಿನ ಮದ್ದು. ಏಳರಿಂದ ಹತ್ತಕ್ಕೆ ರಕ್ತನಾಳದಲ್ಲಿ ಸ್ವಲ್ಪಸ್ವಲ್ಪವಾಗಿ ಮಾರ್ಫೀನ್.

ಡ್ಯೂಟಿಯಲ್ಲಿದ್ದದ್ದು ಅವಳ ಶಿಷ್ಯೆ. ಪಟಪಟ ಮಾತಿಗೆ ವಾರ್ಡಿನಲ್ಲಿ ಅವಳ ಹೆಸರೇ ಪಟಾಕಿ.

"ಅಕ್ಕಾ, ನೋವು ಎಷ್ಟು?"

"ಮೂರು."

"ಬೆಳಿಗ್ಗೆನೂ ಮೂರು. ನಿನ್ನೆ ಸಂಜೆನೂ ಮೂರು. ಗಡಿಯಾರ ನಿಂತ್ಹೋಗಿದ್ಯಾ?"

"ಬರ್ಕೊಂಡು ಹೋಗೇ. ಆ ಮೂಲೆಯವರ ಡ್ರಿಪ್ ಮುಗೀತಾ ಬಂತು."

ಪಟಾಕಿ ಹೋಗಲಿಲ್ಲ. ರಕ್ತದ ಆಮ್ಲಜನಕ ಅಳೆಯಲು ದೊಡ್ಡಕ್ಕನ ಬೆರಳಿಗೆ ಸಿಕ್ಕಿಸಿದ್ದ ಯಂತ್ರ ಬೆಳಿಗ್ಗೆ ತೊಂಬತ್ತಾರು ತೋರಿಸಿತ್ತು, ಈಗ ತೊಂಬತ್ತೆರಡಕ್ಕೆ ಇಳಿದಿತ್ತು. ಉಸಿರು ಮೇಲೆಮೇಲೆ ಆಡುತ್ತಿತ್ತು, ಗಂಟಲಲ್ಲಿ ಕಫ ಗೊರಗುಟ್ಟುತ್ತಿತ್ತು. ಕೆಮ್ಮಿ ಅದನ್ನು ಹೊರಹಾಕದಿದ್ದರೆ ಎದೆಯೊಳಗೆ ಕೂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಅಲ್ಲಿಗೆ ಗುಣವಾಗಲು ವಾರವೂ ಸಾಲದು, ಐಸಿಯುವೂ ದೂರವಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಮಂಚದ ಪಕ್ಕ ಸ್ಟೂಲಿನ ಮೇಲೆ ಬಸ್ ಡಿಪೋದ ಮೆಕ್ಯಾನಿಕ್ ಕೂತಿದ್ದ, ದೊಡ್ಡಕ್ಕನ ಗಂಡ. ಅವನು ಮೆಲ್ಲಗೆ ಬಾಯಿ ಬಿಟ್ಟ. "ಮೇಡಂ, ನಿಮ್ಮ ಅಕ್ಕನ ಲೆಕ್ಕ ನಂಬಬೇಡಿ. ಹೋದ ವರ್ಷ ರುಬ್ಬುವ ಕಲ್ಲು ಕಾಲ್ಮೇಲೆ ಬಿತ್ತು. ಬೆರಳು ಮುರಿದಿತ್ತು. ಎಷ್ಟು ನೋವು ಅಂದ್ರೆ ಎರಡು ಅಂದ್ಳು. ಅವಳ ಮೀಟರೇ ಕೆಟ್ಟಿದೆ."

"ರೀ, ನೀವು ಸುಮ್ನಿರಿ. ನೀವು ನೆಗಡಿ ಬಂದ್ರೆ ಹತ್ತು ಹೇಳೋರು."

ನಗಲು ಹೋದವಳು ಅರ್ಧದಲ್ಲೇ ಹಲ್ಲು ಕಚ್ಚಿ ಹೊಟ್ಟೆ ಹಿಡಿದುಕೊಂಡಳು.

ಅಷ್ಟು ಸಾಕಾಯಿತು ಪಟಾಕಿಗೆ. ದಿಂಬೊಂದನ್ನು ಹೊಲಿಗೆಯ ಮೇಲಿಟ್ಟು, "ಒತ್ತಿ ಹಿಡ್ಕೊಳ್ಳಿ, ಕೆಮ್ಮಿ," ಎಂದಳು. "ಮಲಗಿದ್ದಾಗ ಒಂದು ಅಂಕ, ಕೆಮ್ಮುವಾಗ ಒಂದು ಅಂಕ. ಎರಡರಲ್ಲಿ ದೊಡ್ಡದು ಯಾವ್ದೋ ಅದಕ್ಕೆ ಮದ್ದು. ಯಾರು ಹೇಳ್ಕೊಟ್ಟಿದ್ದು ಇದು?"

ದೊಡ್ಡಕ್ಕ ಕಿಟಕಿಯ ಕಡೆ ತಿರುಗಿದಳು. ಅವಳ ಮನಸ್ಸಿನಲ್ಲಿದ್ದದ್ದು ಬೇರೆ ಲೆಕ್ಕ. ಇವತ್ತು ಮೂವತ್ತು ಮಂಚಕ್ಕೆ ಇಬ್ಬರೇ ನರ್ಸುಗಳು. ಮಾರ್ಫೀನ್ ಅಂದರೆ ಕಪಾಟಿನ ಬೀಗ ತೆಗೆಯಬೇಕು, ಇಬ್ಬರೂ ಸಹಿ ಹಾಕಬೇಕು, ಕಾಲು ಗಂಟೆಗೊಮ್ಮೆ ಬಂದು ಉಸಿರು ಎಣಿಸಬೇಕು. ಮೂರು ಅಂದುಬಿಟ್ಟರೆ ಯಾರಿಗೂ ಕೆಲಸವಿಲ್ಲ. ಹೊರಗಿನ ರೋಗಿ ಯಾರೂ ಹೀಗೆ ಲೆಕ್ಕ ಹಾಕುವುದಿಲ್ಲ. ಇದು ಮನೆಯವಳೇ ಅಡುಗೆಮನೆಯ ಕಷ್ಟ ನೋಡಿ ಹಸಿವಿಲ್ಲ ಅಂದಂತೆ.

"ನಿಮ್ಮಿಬ್ಬರ ಪಾಡು ನೋಡ್ತಾ ಇದೀನಲ್ಲೇ," ಎಂದಳು ಕೊನೆಗೆ.

"ನಮ್ಮ ಪಾಡು ನಾವು ನೋಡ್ಕೋತೀವಿ. ಕಫ ಕಟ್ಟಿದ್ರೆ ನಿಮ್ಮನ್ನ ಹತ್ತು ದಿನ ನೋಡ್ಕೋಬೇಕು, ಆ ಲೆಕ್ಕ ಹಾಕಿದ್ರಾ? ಕೆಮ್ಮಿ ಅಕ್ಕಾ."

ದೊಡ್ಡಕ್ಕ ದಿಂಬು ಒತ್ತಿ ಕೆಮ್ಮಿದಳು. ಒಂದೇ ಒಂದು ಕೆಮ್ಮು, ಅದೂ ಗಂಟಲಿಂದ. ಕಣ್ಣಲ್ಲಿ ನೀರು ತಾನಾಗಿ ಬಂತು. ಹೆಂಡತಿಯ ಕೈಯನ್ನು ಮೆಕ್ಯಾನಿಕ್ ಹಿಡಿದುಕೊಂಡ.

"ಈಗ ಎಷ್ಟು?"

ದೊಡ್ಡಕ್ಕ ಉಸಿರು ಹದಕ್ಕೆ ಬರುವವರೆಗೆ ಕಾದು ಅಂಕ ಹೇಳಿದಳು. ಪಟಾಕಿ ಬರೆದುಕೊಂಡು ಬೀಗದ ಕೈ ತರಲು ಹೊರಟಳು.

ಆಮೇಲಿನದೆಲ್ಲ ಚಾರ್ಟಿನಂತೆಯೇ ನಡೆಯಿತು. ಎಚ್ಚರವಾಗಿದ್ದಾಳೆಯೇ, ಮಾತಿಗೆ ಸರಿಯಾಗಿ ಉತ್ತರ ಕೊಡುತ್ತಾಳೆಯೇ ಎಂದು ನೋಡಿದರು. ನಿಮಿಷಕ್ಕೆ ಉಸಿರು ಹತ್ತಕ್ಕಿಂತ ಕಡಿಮೆಯಿದ್ದರೆ ಕೊಡುವಂತಿಲ್ಲ, ಅವಳದು ಇಪ್ಪತ್ತೆರಡಿತ್ತು. ಇಬ್ಬರೂ ಸಹಿ ಹಾಕಿ ಎರಡು ಮಿಲಿಗ್ರಾಂ ನಿಧಾನವಾಗಿ ಕೊಟ್ಟರು. ಕಾಲು ಗಂಟೆ ಬಿಟ್ಟು ಮತ್ತೆ ಕೆಮ್ಮಿಸಿದರೆ ಐದು. ಗುರಿ ಮೂರು ಅಥವಾ ಅದಕ್ಕಿಂತ ಕೆಳಗೆ, ಹಾಗಾಗಿ ಎಚ್ಚರ, ಉಸಿರು ಮತ್ತೆ ನೋಡಿ ಇನ್ನೊಂದು ಡೋಸು. ಮೂರು ಸಲ ಕೊಟ್ಟೂ ಇಳಿಯದಿದ್ದರೆ ಡಾಕ್ಟರನ್ನು ಕರೆಯಬೇಕು ಎಂಬುದು ನಿಯಮ. ಅದರ ಅಗತ್ಯ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೊಡ್ಡಕ್ಕ ಎದ್ದು ಕೂತು, ಎದೆಯಾಳದಿಂದ ಕೆಮ್ಮಿ, ಕಫವನ್ನೆಲ್ಲ ಬಟ್ಟಲಿಗೆ ಉಗುಳಿದಳು. ಬೆರಳಿನ ಯಂತ್ರ ತೊಂಬತ್ತೈದಕ್ಕೆ ಏರಿತು.

"ಈಗ ಎಷ್ಟು?"

"ಮೂರು. ನಿಜವಾದ ಮೂರು."

"ಸಾಕ್ಷಿ ಯಾರು?" ಎಂದ ಮೆಕ್ಯಾನಿಕ್. ಅವನಿಗೆ ಉತ್ತರವಾಗಿ ದಿಂಬು ಬಂತು.

ಆರು ವಾರಕ್ಕೆ ದೊಡ್ಡಕ್ಕ ಮತ್ತೆ ಡ್ಯೂಟಿಗೆ ಬಂದಳು. ಪಾಠ ಅದೇ, ಚಾರ್ಟು ಅದೇ. ಆದರೆ ನಗುನಗುತ್ತಾ ಮೂರು ಅನ್ನುವ ರೋಗಿಯ ಕೈಗೆ ಈಗ ಅವಳೇ ಮೊದಲು ದಿಂಬು ಕೊಡುತ್ತಾಳೆ. ಅವರು ಸಂಕೋಚಪಟ್ಟರೆ ಹತ್ತಿರ ಬಗ್ಗಿ, ತಾನು ಇದೇ ವಾರ್ಡಿನಲ್ಲಿ, ಕೆಮ್ಮಿದ ಮೇಲೆ, ಗಂಡನ ಎದುರಿಗೆ ಹೇಳಿದ ಅಂಕವನ್ನು ಹೇಳುತ್ತಾಳೆ: ಎಂಟು.