ಗುರುವಾರದ ಸಾಲು

ನಾನು ಮುಲ್ಕಿ ಪರೀಕ್ಷೆ, ಅಂದರೆ ಏಳನೆಯ ಇಯತ್ತೆ, ಪಾಸಾಗಿ ಮದುವೆಯಾದವಳು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ, ನನಗಂತೂ ಅಲ್ಲವೇ ಅಲ್ಲ. ತವರು ಸವಣೂರು, ಎಲೆಬಳ್ಳಿಯ ತೋಟದ ಮನೆ. ವೀಳ್ಯದೆಲೆಯ ಬಗ್ಗೆ ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ದನದ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಮುಂದೆ ಹೋದರೆ ಹಾಯುತ್ತದೆ, ಹಿಂದೆ ಹೋದರೆ ಒದೆಯುತ್ತದೆ. ಅಂಥವಳನ್ನು ಅಕ್ಕಿಆಲೂರಿನ ಹತ್ತಿರ, ಇಪ್ಪತ್ತು ಕರಾವಿನ ದನ ಕಟ್ಟಿದ ಮನೆಗೆ ಕೊಟ್ಟರು. ಹದಿನಾಲ್ಕು ಎಮ್ಮೆ, ಆರು ಆಕಳು. ಹಾಲು ಹಾನಗಲ್ಲಿನ ಚಹಾದಂಗಡಿಗಳಿಗೆ ಹೋಗುತ್ತಿತ್ತು, ಉಳಿದದ್ದು ಬೆಣ್ಣೆಯಾಗಿ ಸಂತೆಗೆ.

ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ನಾನು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಆಳು ಮತ್ತು ಅವನ ಹೆಂಡತಿ. ಹಿಂಡುವುದು, ಮೇವು ಹಾಕುವುದು, ಕೆರೆಗೆ ಹೊಡೆಯುವುದು ಎಲ್ಲ ಅವರಿಬ್ಬರದೇ. ಆಳಿಗೆ ಐವತ್ತು ದಾಟಿತ್ತು. ಅಕ್ಷರ ಬರುತ್ತಿರಲಿಲ್ಲ. ಮಾತೂ ಕಡಿಮೆಯೇ.

ಆ ವರ್ಷ ಶ್ರಾವಣದಲ್ಲಿ ಮಾವನವರ ಕಣ್ಣಿನ ಪೊರೆ ತೆಗೆಸುವುದೆಂದಾಯಿತು. ಒಂದು ಕಣ್ಣಿಗೆ ಪೊರೆ ಪೂರ್ತಿ ಕಟ್ಟಿತ್ತು, ಇನ್ನೊಂದರಲ್ಲಿ ಮಂಜು. ಮಿರಜಿಗೆ ಹೋಗಬೇಕು, ಹನ್ನೆರಡು ದಿನವಾದರೂ ಬೇಕು, ಜೊತೆಗೆ ಮಗ ಹೋಗಲೇಬೇಕು. ಮಾವನವರಿಗೆ ತಮ್ಮ ಕಣ್ಣಿಗಿಂತ ದನಗಳದೇ ಚಿಂತೆ. ಹೊರಡುವ ಹಿಂದಿನ ದಿನ ಪಡಸಾಲೆಯಲ್ಲಿ ಕುಳಿತು, "ತಂಗಿ, ಒಂದು ವಹಿ ತಗೊಂಡು ಬಾ. ದಿನಾ ಏನೇನು ಮಾಡಬೇಕಂತ ಬರಕೋ. ಮುಂಜಾನೆ ನೀ ಓದು, ಅವ ಮಾಡ್ಲಿ" ಎಂದರು.

ನಾನು ಉಬ್ಬಿಹೋದೆ. ಹೊಸ ವಹಿ, ಮಸಿಯಲ್ಲಿ ಅದ್ದಿ ಬರೆಯುವ ಹೊಸ ಟಾಕು. ಒಂದು ಕೆಲಸಕ್ಕೆ ಒಂದು ಸಾಲು ಎಂದು ಗೆರೆ ಎಳೆದುಕೊಂಡೆ.

ಮಾವ ಹೇಳುತ್ತ ಹೋದರು. ಕರುವಿಗೆ ಮೊದಲು ಬಾಯಿ ಕೊಟ್ಟು, ತೊರೆ ಬಿಟ್ಟು ಹಾಲು ಇಳಿದ ಮೇಲೆ ಹಿಂಡಬೇಕು. ಮೂರು ತಿಂಗಳ ಒಳಗಿನ ಕರುವಿಗೆ ಒಂದು ಮೊಲೆ ಬಿಡಬೇಕು. ಹತ್ತಿಕಾಳು ರಾತ್ರಿಯೇ ನೆನೆಹಾಕಿ, ಹಾಲು ಕೊಡುವವಕ್ಕೆ ಮಾತ್ರ, ಹಾಲು ನೋಡಿ ಹಾಕಬೇಕು. ಚುಕ್ಕಿ ಆಕಳಿಗೆ ಏಳು ತಿಂಗಳು ತುಂಬಿದೆ, ಒಂದು ಹೊತ್ತು ಬಿಟ್ಟು ಒಂದು ಹೊತ್ತು ಹಿಂಡುತ್ತ ಹಾಲು ಬತ್ತಿಸಬೇಕು. ಬಿಸಿಲೇರಿದ ಮೇಲೆ ಎಮ್ಮೆಗಳು ಕೆರೆಗೆ. ಅವರ ಮಾತು ಒಂದೇ ದಾರಿಯಲ್ಲಿ ಹೋಗುತ್ತಿರಲಿಲ್ಲ. ಒಂದೊಂದು ಎಮ್ಮೆಯ ಅಜ್ಜಿ, ಮುತ್ತಜ್ಜಿಯ ಕಥೆಯೂ ನಡುವೆ ಬರುತ್ತಿತ್ತು. ನಾನು ಅದನ್ನೆಲ್ಲ ಸೋಸಿ, ಬೇಕಾದದ್ದಷ್ಟನ್ನು ಬರೆದುಕೊಂಡೆ. ಬೇಕಾದದ್ದು ಯಾವುದು ಎಂದು ನಾನೇ ಗೊತ್ತು ಮಾಡಿದೆ!

"ಬಣವಿ ಹುಲ್ಲು ಬುಧವಾರದ ಮಟ ಬರ್ತೈತಿ. ಗುರುವಾರದಿಂದ ಹಳ್ಳದ ಹೊಲದಾಗಿನ ಹಸಿ ಜ್ವಾಳ ಕೊಯ್ದು ಎಲ್ಲಾಕ್ಕೂ ಹಾಕ್ಬೇಕು" ಎಂದು ಮಾವ ಹೇಳಿದರು. ಆಮೇಲೆ ವೀಳ್ಯ ಬಾಯಿಗಿಟ್ಟುಕೊಳ್ಳುತ್ತ, "ತೆನಿ ಹಾದು ಹೊರಗ ಬಂದಿದ್ರ ಅಷ್ಟ ಮತ್ತ. ಬಾಡಿ ನಿಂತಿದ್ರ ಮುಟ್ಟಬ್ಯಾಡ ಅನ್ನು. ಅವಂಗೂ ಗೊತ್ತೈತಿ" ಎಂದರು.

ಅವನಿಗೆ ಗೊತ್ತಿದ್ದ ಮೇಲೆ ಬರೆಯುವುದೇಕೆ? ಸಾಲು ಅಷ್ಟೊತ್ತಿಗೆ ತುಂಬಿತ್ತು. ಪೂರ್ಣವಿರಾಮ ಹಾಕಿದೆ.

ಮರುದಿನ ಗಾಡಿ ಹತ್ತುವಾಗ ಮಾವ ಆಳಿಗೆ ಹೇಳಿದ ಕೊನೆಯ ಮಾತು, "ವಹ್ಯಾಗ ಇದ್ದಂಗ ಮಾಡು. ನಿನ್ನ ಶ್ಯಾಣ್ಯಾತನ ನಡುವ ತರಬ್ಯಾಡ." ಅವನು ತಲೆಯಾಡಿಸಿದ.

ಮೂರು ದಿನ ಎಲ್ಲ ಸುಸೂತ್ರ. ಮುಂಜಾನೆ ಅವನು ಕೈಕಾಲು ತೊಳೆದು ಕಟ್ಟೆಯ ಕೆಳಗೆ ನಿಲ್ಲುತ್ತಿದ್ದ. ನಾನು ಶಾಲೆಯ ಮಾಸ್ತರರ ಹಾಗೆ ಓದುತ್ತಿದ್ದೆ. ಒಂದೊಂದು ಸಾಲಿಗೂ ಅವನು "ಹ್ಞೂಂ" ಅನ್ನುತ್ತಿದ್ದ. ಆ "ಹ್ಞೂಂ" ಕೇಳಲು ನನಗೆ ಬಲು ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಗುರುವಾರ ಜೋಳದ ಸಾಲು ಓದಿದೆ. "ಹ್ಞೂಂ" ಬರಲಿಲ್ಲ.

"ಅಕ್ಕಾರ, ಇನ್ನೊಮ್ಮೆ ಓದ್ರಿ."

ಓದಿದೆ.

"ಜ್ವಾಳ ಇನ್ನೂ ತೆನಿ ಹಾದಿಲ್ರಿ. ಮಳಿ ಹೋಗಿ ಮೂರು ವಾರ ಆತು, ಎಲಿ ಸುರುಳಿ ಸುತ್ತ್ಯಾವು. ಅದರಾಗ ನಂಜು ಇರ್ತೈತಿ. ಮುಂದ ಏನರ ಬರದಾರೇನ್ರಿ?"

ಆಗಲೇ ಮಾವನ ಮಾತು ನನ್ನ ಕಿವಿಯಲ್ಲಿ ಒಮ್ಮೆ ಸುಳಿಯಿತು. ಸುಳಿಯಲಿಲ್ಲ ಎಂದರೆ ದೇವರು ಮೆಚ್ಚುವುದಿಲ್ಲ. ಆದರೆ ಅವನೆದುರು ನನ್ನ ಬರಹದಲ್ಲಿ ಕೊರತೆ ಇದೆ ಎಂದು ಒಪ್ಪುವುದೇ? ಹಸಿರಾಗಿ ನಿಂತ ಬೆಳೆಯಲ್ಲಿ ಎಂಥ ವಿಷ? ಕೊಯ್ಯುವ ಕೆಲಸ ತಪ್ಪಿಸಿಕೊಳ್ಳಲು ಹೂಡಿದ ಆಟವೆಂದುಕೊಂಡೆ.

"ಮುಂದ ಏನೂ ಇಲ್ಲ. ಬರದಂಗ ಮಾಡು ಅಂತ ಮಾವಾರು ಹೇಳಿಲ್ಲೇನು? ಮೈಗಳ್ಳತನ ಮಾಡಬ್ಯಾಡ."

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಕುಡುಗೋಲು ತೆಗೆದುಕೊಂಡು ಹೋದ.

ಎರಡು ಹೊರೆ ಬಂದವು. ಹಸಿರಿನ ವಾಸನೆಗೆ ಇಪ್ಪತ್ತೂ ದನ ಎದ್ದು ನಿಂತು ಕೂಗತೊಡಗಿದವು. ಮೂರು ದಿನದಿಂದ ಒಣಹುಲ್ಲು ತಿಂದ ಬಾಯಿಗಳು. ಹಗ್ಗ ಜಗ್ಗಿ ಗೂಟ ಕೀಳುವಂತಾಯಿತು. ಅವನು ಹೊರೆಗಳನ್ನು ಅಂಗಳದಾಚೆಯೇ ಇಳಿಸಿ, ಹೆಂಡತಿಯನ್ನು ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲಿಸಿದ. ಒಂದೇ ಒಂದು ಎಮ್ಮೆಯನ್ನು ಹೊರಗೆ ತಂದು ಬೇವಿನ ಗಿಡಕ್ಕೆ ಕಟ್ಟಿದ. ಮುರುಕೋಡಿನ ಮುದಿ ಎಮ್ಮೆ, ಆಗ ಹಾಲು ಬತ್ತಿತ್ತು, ಗಬ್ಬವೂ ಇರಲಿಲ್ಲ.

"ಎಲ್ಲಾಕ್ಕೂ ಹಾಕು ಅಂತ ಐತಿ" ಎಂದೆ ನಾನು.

"ಹಾಕ್ತೇನ್ರಿ. ಮೊದಲ ಇದೊಂದು ತಿನ್ಲಿ."

ಎಮ್ಮೆ ಆಸೆಯಿಂದ ತಿಂದಿತು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು ಅದರ ಪಕ್ಕೆಯನ್ನೇ ನೋಡುತ್ತಿದ್ದ. ಒಳಗೆ ಹತ್ತೊಂಬತ್ತು ದನಗಳ ಕೂಗು. ನನಗೆ ಸಿಟ್ಟು ಬರುತ್ತಿತ್ತು. ಕಾಲು ಗಂಟೆಯಾಗಿರಬಹುದು, ಎಮ್ಮೆ ಮೇವು ಬಿಟ್ಟು ತಲೆಯೆತ್ತಿತು. ಪಕ್ಕೆಗಳು ಬೇಗ ಬೇಗ ಆಡತೊಡಗಿದವು. ಬಾಯಿ ತೆರೆಯಿತು, ಜೊಲ್ಲು ಇಳಿಯಿತು. ಹಿಂಗಾಲು ತೊಡರಿ ಕೆಳಗೆ ಬಿತ್ತು.

"ಬೆಲ್ಲದ ನೀರು!" ಎಂದು ಅವನು ಕೂಗಿದ್ದು ನನಗೇ. ನಾನು ಒಳಗೆ ಓಡಿ ಸಿಕ್ಕಷ್ಟು ಬೆಲ್ಲ ಕಲಸಿ ತಂದೆ. ಬಿದಿರಿನ ಗೊಟ್ಟದಲ್ಲಿ ಎತ್ತಿ ಹೊಯ್ಯಲು ನೋಡಿದ, ಅರ್ಧ ಹೊರಗೇ ಹರಿಯಿತು. ಕಾಲುಗಳು ಸೆಟೆದು ನೆಲವನ್ನು ಎರಡು ಸಲ ಬಡಿದು ನಿಂತವು. ಅವನು ಅದರ ಕಣ್ಣಿನ ಮೇಲೆ ಅಂಗೈ ಇಟ್ಟ. ನನ್ನ ಕೈಯಲ್ಲಿ ವಹಿ ಇತ್ತು. ಬೆಲ್ಲ ಕಲಸುವಾಗ ಕಂಕುಳಲ್ಲಿ ಇಟ್ಟುಕೊಂಡಿದ್ದೆನೋ ಏನೋ, ಬಿಟ್ಟಿರಲಿಲ್ಲ.

ಅವನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಉಳಿದ ಜೋಳವನ್ನು ದನಕ್ಕೆ ಎಟುಕದಂತೆ ಕಣದಲ್ಲಿ ಹರವಿ, ನಂಜು ಇಳಿಯಲೆಂದು ಒಣಗಲು ಬಿಟ್ಟ. ತಿಳವಳ್ಳಿಯ ಕಡೆ ಹೋಗಿ ಒಂದು ಗಾಡಿ ಭತ್ತದ ಹುಲ್ಲು ತಂದ. ಮರುದಿನದಿಂದ ನಾನು ಓದುವುದನ್ನು ಬಿಟ್ಟು, "ಇವತ್ತು ಏನು ಮಾಡೂಣು?" ಎಂದು ಕೇಳುತ್ತಿದ್ದೆ. ಆದರೂ ಅವನು ಕೈಕಾಲು ತೊಳೆದೇ ಬಂದು ನಿಲ್ಲುತ್ತಿದ್ದ.

ಮಾವ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಹಾಳೆ ಹರಿಯಲೇ ಎಂದುಕೊಂಡೆ. ಹೊಲಿಗೆ ಹಾಕಿದ ವಹಿ, ಹರಿದದ್ದು ಗೊತ್ತಾಗುತ್ತದೆ. ಸಾಲಿನ ಕೊನೆಗೆ ಬಿಟ್ಟ ಮಾತು ಸೇರಿಸಲೇ ಎಂದುಕೊಂಡೆ, ಜಾಗವಿರಲಿಲ್ಲ. ಆಮೇಲೆ ಹೊಳೆಯಿತು: ಏನನ್ನೂ ಮಾಡಬೇಕಿಲ್ಲ. ಮಾವನಿಗೆ ಓದಲು ಕಣ್ಣಿಲ್ಲ, ಗಂಡ ವಹಿ ಮುಟ್ಟುವವನಲ್ಲ, ಆಳಿಗೆ ಓದಲು ಬರುವುದಿಲ್ಲ.

ಹದಿಮೂರನೆಯ ದಿನ ಸಂಜೆ ಗಾಡಿ ಬಂತು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮಾವ ಕಟ್ಟೆಯ ಮೇಲೆ ಕುಳಿತರು. ನನ್ನ ಗಂಡ ಎತ್ತು ಬಿಚ್ಚಲು ಹಿತ್ತಲಿಗೆ ಹೋದ. ಎಮ್ಮೆಯ ಸುದ್ದಿ ಊರ ಬಾಗಿಲಲ್ಲೇ ಅವರಿಗೆ ಮುಟ್ಟಿತ್ತು. ಆಳು ಬಂದು ನಿಂತ. ಮಾವ ನೀರೂ ಕುಡಿಯಲಿಲ್ಲ.

"ತಂಗಿ, ಗುರುವಾರದ್ದು ಓದು."

ಓದಿದೆ. "ಗುರುವಾರದಿಂದ ಹಳ್ಳದ ಹೊಲದ ಹಸಿ ಜೋಳ ಕೊಯ್ದು ಎಲ್ಲಕ್ಕೂ ಹಾಕುವುದು. ತೆನೆ ಹಾದಿದ್ದರೆ ಮಾತ್ರ. ಬಾಡಿದ್ದರೆ ಮುಟ್ಟಬಾರದು." ಬರೆಯದ ಮಾತಿಗೂ ನಾಲಗೆ ತೊಡರಲಿಲ್ಲ. ಶಾಲೆಯಲ್ಲಿ ಓದಿನಲ್ಲಿ ನಾನೇ ಮೊದಲು.

"ಇದನ್ನ ನಿನಗ ಓದಿ ಹೇಳಿದ್ಲೇನು?" ಮಾವ ಆಳನ್ನು ಕೇಳಿದರು.

ನಾನು ನೆಲ ನೋಡಿದೆ. ಅವನು ತಡಮಾಡಲಿಲ್ಲ.

"ಹೌದ್ರಿ ಧಣ್ಯಾರ. ಓದಿದ್ರು. ತಪ್ಪು ನಂದ."

"ಗೊತ್ತಿದ್ದೂ ಹಾಕಿದಿ? ಇಷ್ಟು ವರ್ಷ ದನದಾಗ ಬಾಳೇವು ಮಾಡಿ? ಇವತ್ತು ಹಿಂಡು. ನಾಳೆ ಇಬ್ಬರೂ ಗಂಟು ಕಟ್ರಿ."

ಹಿಂಡುವ ಹೊತ್ತಾಗಿತ್ತು, ಅವನು ಕೊಟ್ಟಿಗೆಗೆ ಹೋದ. ಅವನ ಹೆಂಡತಿ ನೆನೆದ ಹತ್ತಿಕಾಳಿನ ಬುಟ್ಟಿ ಹೊತ್ತು ನನ್ನ ಮುಂದೆಯೇ ಹಾದುಹೋದಳು. ಕಣ್ಣಲ್ಲಿ ನೀರು ಹರಿಯುತ್ತಿತ್ತು, ಕೈ ಬುಟ್ಟಿಯ ಮೇಲಿತ್ತು, ಒರೆಸಿಕೊಳ್ಳಲಿಲ್ಲ. ಒಳಗಿನಿಂದ ಚರಗಿಗೆ ಹಾಲು ಬೀಳುವ ಸದ್ದು ಬಂತು. ಕರುವಿಗೆ ಮೊದಲು ಬಾಯಿ, ಆಮೇಲೆ ಹಿಂಡುವುದು. ನಾನು ಬರೆದ ಹಾಗೆಯೇ ಮಾಡುತ್ತಿದ್ದ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ; ಆ ಸಂಜೆ ನನ್ನ ಹತ್ತಿರ ಒಕ್ಕಾಲೇ ಇತ್ತು, ಅದೂ ಹೊಲಸಾಗಿತ್ತು.

"ಮಾವಾರ, ಇನ್ನೊಮ್ಮೆ ಓದ್ತೇನಿ."

ಈ ಸಲ ಇದ್ದಷ್ಟೇ ಓದಿದೆ. ಸಾಲು ಚಿಕ್ಕದು, ಬೇಗ ಮುಗಿಯಿತು. ಅವನು ಕೇಳಿದ್ದು, ನಾನು ಮೈಗಳ್ಳ ಅಂದದ್ದು, ಎಲ್ಲ ಹೇಳಿದೆ. ಅವನು ಒಂದಕ್ಕೇ ಹಾಕಿ ನೋಡದೆ ನನ್ನ ಮಾತು ಕೇಳಿದ್ದರೆ ಕೊಟ್ಟಿಗೆ ಬರಿದಾಗುತ್ತಿತ್ತು ಎಂದೂ ಹೇಳಿದೆ.

ಮಾವ ಬಯ್ಯಲಿಲ್ಲ. ಹಿಂಡುವುದು ಮುಗಿದ ಮೇಲೆ ಅವನನ್ನು ಕರೆದರು.

"ಓದಿಲ್ಲದ್ದನ್ನ ಓದಿದ್ರು ಅಂತ ಯಾಕ ಅಂದಿ?"

ಅವನು ಕೈಗೆ ಹತ್ತಿದ ನೊರೆಯನ್ನು ಧೋತರಕ್ಕೆ ಒರೆಸಿಕೊಂಡ. "ನಾ ಹೋದ ಮ್ಯಾಲೂ ಹತ್ತೊಂಬತ್ತು ದನ ಇಲ್ಲೇ ಇರ್ತಾವಲ್ರಿ. ವಹಿ ಓದಾವ್ರು ಅಕ್ಕಾರ ಒಬ್ಬರ. ಅವರ ಮಾತನ್ನ ಸುಳ್ಳು ಅಂತ ತೋರಿಸಿ ಹೋದ್ರ, ನಾಳೆ ಬರೂ ಆಳು ಯಾರ ಮಾತು ಕೇಳ್ಯಾನು?"

ಗಂಟು ಕಟ್ಟಲಿಲ್ಲ. ಆ ಮಾತನ್ನು ಆಮೇಲೆ ಯಾರೂ ಎತ್ತಲೂ ಇಲ್ಲ. ಅವನು ನನ್ನನ್ನು ಕಂಡಾಗ ಮೊದಲಿನಂತೆಯೇ "ಅಕ್ಕಾರ" ಅನ್ನುತ್ತಿದ್ದ, ನನಗೆ ಮಾತ್ರ ಅವನ ಕಣ್ಣು ಎದುರಿಸಲು ತಿಂಗಳುಗಳೇ ಹಿಡಿದವು.

ಮುಂದಿನ ವರ್ಷ ಇನ್ನೊಂದು ಕಣ್ಣಿಗೆಂದು ಮಾವ ಮತ್ತೆ ಮಿರಜಿಗೆ ಹೊರಟರು. ಅದೇ ಪಡಸಾಲೆ, ಅದೇ ವಹಿ. ಈ ಸಲ ಮಾವ ಅವನನ್ನೂ ಕರೆದು ಎದುರಿಗೆ ಕೂರಿಸಿದರು. ನಾನು ಗೆರೆ ಎಳೆದಿರಲಿಲ್ಲ. ಜೋಳದ ಮಾತು ಬಂದಾಗ ಮಾವ ಅವನ ಕಡೆ ಕೈ ತೋರಿಸಿದರು, ಅವನು ಹೇಳಿದ. ತೆನೆಯ ಮಾತು, ಬಾಡಿದ ಎಲೆಯ ಮಾತು, ಸಂಶಯ ಬಂದರೆ ಕೊಯ್ಯಲೇಬಾರದು ಎಂಬ ಮಾತು, ಅವನ ಬಾಯಲ್ಲಿ ಬಂದದ್ದನ್ನೆಲ್ಲ ಬಂದ ಹಾಗೆಯೇ ಬರೆದುಕೊಂಡೆ. ಅರ್ಧ ಹಾಳೆಯಾಯಿತು.

"ಇನ್ನೊಮ್ಮೆ ಓದ್ರಿ" ಎಂದ.

ಓದಿದೆ. ಕೊನೆಯ ಮಾತು ಮುಗಿಯುವವರೆಗೆ ಕಾದು, ಅವನು "ಹ್ಞೂಂ" ಎಂದ.